ಕಾಕಾ ಅಂದರ್ ಛೇ

ಮೊದಲ ದಿನ ಆ ಮಾತು ಕಿವಿಗೆ ಬಿದ್ದಾಗ ಅದು ಅರ್ಧಕ್ಕೇ ನಿಂತಿದೆ ಎಂದುಕೊಂಡಿದ್ದೆ. ‘ಕಾಕಾ ಅಂದರ್...’ ಎಂದು ಗೇಟಿನವನು ನಕ್ಕ. ಕಾಕಾ ಅಂದರೆ ಏನು, ಯಾರು, ಮುಂದೆ ಹೇಳಲಿ ಎಂದು ನನ್ನ ಧಾರವಾಡದ ಕಿವಿ ಕಾಯುತ್ತ ಕೂತಿತು. ಅವನು ಮುಂದೆ ಏನೂ ಹೇಳಲಿಲ್ಲ. ಗುಜರಾತಿಯಲ್ಲಿ ಅಂದರ್ ಎಂದರೆ ಒಳಗೆ. ಕಾಕಾ ಅಂದರ್ ಛೇ, ಕಾಕಾ ಒಳಗಿದ್ದಾರೆ. ಅರ್ಥವಾದ ಮೇಲೆ ನನಗೆ ನಗು ಬರಲಿಲ್ಲ. ಯಾಕೆಂದರೆ ಕಾಕಾ, ನನಗಿಂತ ಮೊದಲು ಅಲ್ಲಿದ್ದ ಗುಮಾಸ್ತರು, ಆ ಸಂಕ್ರಾಂತಿಗೇ ತೀರಿಕೊಂಡಿದ್ದರು, ಮನೆಯ ಮಾಳಿಗೆಯ ಮೇಲೆ ಮೊಮ್ಮಗನಿಗೆ ಗಾಳಿಪಟದ ದಾರ ಬಿಡುತ್ತಿರುವಾಗ. ನಾನು ಕೂತದ್ದು ಅವರದೇ ಕುರ್ಚಿಯಲ್ಲಿ.

ನನ್ನ ಗಂಡನನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ್ದರು. ಮನೆಯಲ್ಲಿ ಕೂತು ಗೋಡೆ ನೋಡಲಾರದೆ ನಾನು ಊರ ಹೊರಗಿನ ಒಂದು ಬಣ್ಣದ ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿಕೊಂಡೆ. ಸೀರೆಗೆ ಹಾಕುವ ಬಣ್ಣದ ಪುಡಿ ಅಲ್ಲಿ ತಯಾರಾಗಿ ಸೂರತ್ತಿಗೆ ಹೋಗುತ್ತಿತ್ತು. ಗೇಟಿನ ಪಕ್ಕದ ಕ್ಯಾಬಿನ್ನು, ಒಂದು ಕಂಪ್ಯೂಟರು, ಮೊಳೆಗೆ ತೂಗುಹಾಕಿದ ಕಾಕಾನ ಸ್ವೆಟರು. ಅದನ್ನು ತೆಗೆಯಲು ಯಾರೂ ಒಪ್ಪುತ್ತಿರಲಿಲ್ಲ, ನನಗೂ ಧೈರ್ಯ ಬರಲಿಲ್ಲ.

ಕೆಲಸವೇನೋ ಸುಲಭ. ಗೇಟಿನವನು ಹೇಳಿದ ಹಾಗೆ ಒಳಗೆ ಬಂದವರ ಹೊತ್ತು, ಹೊರಗೆ ಹೋದವರ ಹೊತ್ತು ಕಾಕಾ ಮಾಡಿಟ್ಟ ಎಕ್ಸೆಲ್ ಫೈಲಿನಲ್ಲಿ ತುಂಬಿಸುವುದು. ಪಗಾರದವರಿಗೆ ಒಂದು ಹಾಳೆ, ಗುತ್ತಿಗೆಯವರಿಗೆ ಒಂದು, ಕ್ಯಾಂಟೀನಿಗೆ ಒಂದು. ಮೊದಲ ಹಾಳೆಯಲ್ಲಿ ಮಾತ್ರ ಒಂದೇ ಒಂದು ದೊಡ್ಡ ಅಂಕಿ, ಅದರ ಮೇಲೆ ANDAR ಎಂಬ ತಲೆಬರಹ. ಈ ಕ್ಷಣ ಒಳಗೆ ಎಷ್ಟು ಜನ ಇದ್ದಾರೆ ಎಂಬ ಲೆಕ್ಕ. ಅಲ್ಲಿರುವುದೆಲ್ಲ ಆ್ಯಸಿಡ್ಡು, ಸೈರನ್ ಕೂಗಿದರೆ ನಾನು ಆ ಹಾಳೆಯನ್ನು ಪ್ರಿಂಟು ಮಾಡಿಕೊಂಡು ಹಿಂದಿನ ಬೇವಿನ ಮರದಡಿಗೆ ಓಡಬೇಕು. ಅಲ್ಲಿ ನಿಂತವರ ತಲೆ ಎಣಿಸುತ್ತಾರೆ. ಎರಡೂ ಸರಿಹೋದರೆ ಎಲ್ಲರೂ ಬದುಕಿದ್ದಾರೆ ಎಂದರ್ಥ.

ಕಾಕಾ ಹೋದಾಗಿನಿಂದ ಸರಿಹೋಗುತ್ತಿರಲಿಲ್ಲ. ಅಣಕು ಸೈರನ್ ಕೂಗಿಸಿದಾಗಲೆಲ್ಲ ಹಾಳೆಯಲ್ಲಿ ಒಂದು ಹೆಚ್ಚು, ಮರದಡಿ ಒಂದು ತಲೆ ಕಡಿಮೆ. ಸೆಕ್ಯೂರಿಟಿ ಸಾಹೇಬರು ಮೀಸೆ ತಿರುವಿ ‘ಕಾಕಾ ಅಂದರ್ ಛೇ’ ಎನ್ನುತ್ತಿದ್ದರು, ಗುಂಪು ನಗುತ್ತಿತ್ತು, ಎಲ್ಲರೂ ಚಹಾಕ್ಕೆ ಹೋಗುತ್ತಿದ್ದರು. ಕ್ಯಾಂಟೀನಿನ ಮಹಾರಾಜ್, ಎಂದರೆ ನಮ್ಮ ಅಡುಗೆಯವರು, ಮಾತ್ರ ನಗುತ್ತಿರಲಿಲ್ಲ. ಅವರ ಹಾಳೆಯಲ್ಲೂ ದಿನವೂ ಒಂದು ತಟ್ಟೆ ಹೆಚ್ಚು ಬರುತ್ತಿತ್ತು. ಅದರಲ್ಲಿ ರೊಟ್ಟಿ, ದಾಲ್ ಬಡಿಸಿ ಗೋಡೆಯ ಮೇಲಿಟ್ಟು ಕಾಗೆ ಕರೆಯುತ್ತಿದ್ದರು. ‘ಲೆಕ್ಕದಲ್ಲಿ ಬಂದಿದ್ದಾನೆ ಎಂದರೆ ಬಂದಿದ್ದಾನೆ ಬೇನ್, ಹಸಿದ ಹೊಟ್ಟೆಯಲ್ಲಿ ಕಳಿಸಬಾರದು’ ಎಂದರು. ಅಲ್ಲಿ ಹೆಂಗಸರೆಲ್ಲ ಬೇನ್, ಎಂದರೆ ಅಕ್ಕ.

ಮನೆಯಲ್ಲಿ ಹೇಳಿದರೆ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ‘ಒಂದ್ ಹೆಚ್ಚಾದ್ರ ಏನಾತು? ಕಡಿಮಿ ಆದ್ರ ಅಂಜಬೇಕು. ಸುಮ್ಮನ ಇರು.’

ಸುಮ್ಮನಿರುವ ಜಾತಿ ನನ್ನದಲ್ಲ. ವಾರದ ರಜೆಯ ಒಂದು ದಿನ, ಕಡತ ಜೋಡಿಸುವುದಿದೆ ಎಂದು ಹೇಳಿ ಹೋದೆ. ಮಟಮಟ ಮಧ್ಯಾಹ್ನ. ಕಾರ್ಖಾನೆ ಬಂದ್, ಗೇಟಿನ ಹೊರಗೆ ಒಬ್ಬ ಕಾವಲುಗಾರ, ಒಳಗೆ ನರಪಿಳ್ಳೆ ಇಲ್ಲ. ನನ್ನ ಹೊತ್ತನ್ನೂ ನಾನು ಇನ್ನೂ ತುಂಬಿರಲಿಲ್ಲ. ಹೊಸ ದಿನದ ಖಾಲಿ ಫೈಲು ತೆರೆದೆ. ಪಗಾರದ್ದು, ಗುತ್ತಿಗೆಯದು, ಎರಡೂ ಹಾಳೆ ಖಾಲಿ. ಮೊದಲ ಹಾಳೆಯಲ್ಲಿ ANDAR ಕೆಳಗೆ 1 ಎಂದಿತ್ತು.

ನಾನು ನಿಜವಾಗಿ ಹೆದರಿದೆ. ಕಿಟಕಿಯಿಂದ ಶೆಡ್ಡುಗಳ ಕಡೆ ನೋಡಿದೆ. ತಗಡು ಬಿಸಿಲಿಗೆ ಟಕ್ ಎಂದಿತು. ಬೆನ್ನ ಹಿಂದಿದ್ದ ಸ್ವೆಟರಿನತ್ತ ತಿರುಗಲೇ ಇಲ್ಲ.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದಾಗ ಕಲಿತದ್ದು ನೆನಪಾಯಿತು. ಕಂಟ್ರೋಲ್ ಒತ್ತಿ ಹಿಡಿದು, ಒಂದರ ಅಂಕಿಯ ಎಡಕ್ಕಿರುವ, ಯಾರೂ ಮುಟ್ಟದ ಆ ಓರೆಗೆರೆಯ ಕೀಲಿಯನ್ನು ಒತ್ತಿದೆ. ಅಂಕಿಗಳೆಲ್ಲ ಮಾಯವಾಗಿ, ಕಂಬಸಾಲುಗಳು ಅಗಲವಾಗಿ, ಒಂದೊಂದು ಮನೆಯಲ್ಲೂ ಅಡಗಿದ್ದ ಸೂತ್ರ ಮೇಲೆ ಬಂತು. ಗೋಡೆಯ ಸುಣ್ಣ ಕೆರೆದಾಗ ಇಟ್ಟಿಗೆ ಕಂಡ ಹಾಗೆ. ಆ ಒಂದರ ಜಾಗದಲ್ಲಿ ಹೀಗಿತ್ತು: =STAFF!F2+CONTRACT!F2+M60. ಪಗಾರದ ಹಾಳೆಯ F2ದಲ್ಲಿ, ಬಂದ ಹೊತ್ತುಗಳ ಎಣಿಕೆಯಿಂದ ಹೋದ ಹೊತ್ತುಗಳ ಎಣಿಕೆ ಕಳೆದಿದ್ದರು. ಗುತ್ತಿಗೆಯ ಹಾಳೆಯಲ್ಲೂ ಅದೇ. ಚೊಕ್ಕ ಕೆಲಸ. ಆದರೆ M60? ಇದೇ ಹಾಳೆಯ M ಕಂಬಸಾಲಿನ ಅರವತ್ತನೆಯ ಮನೆ, ಅಲ್ಲೇನಿದೆ?

ಸೂತ್ರದ ನೋಟ ಮುಚ್ಚಿ, ಆ ದೊಡ್ಡ ಅಂಕಿಯ ಮೇಲೆ ನಿಂತು, ಟೂಲ್ಸ್ ಮೆನುವಿನ ಆಡಿಟಿಂಗ್‌ನಲ್ಲಿ ಟ್ರೇಸ್ ಪ್ರಿಸಿಡೆಂಟ್ಸ್ ಒತ್ತಿದೆ. ಈ ಅಂಕಿಗೆ ಯಾರು ಯಾರು ಉಣಿಸುತ್ತಾರೆ ಎಂದು ಬಾಣ ಹಾಕಿ ತೋರಿಸುವ ಆಜ್ಞೆ. ಪುಟ್ಟ ಹಾಳೆಯ ಚಿತ್ರದಿಂದ ಒಂದು ಕಪ್ಪು ಚುಕ್ಕೆಗೆರೆ ಬಂತು. ಬೇರೆ ಹಾಳೆಗಳಿಂದ ಬಂದ ಲೆಕ್ಕಕ್ಕೆ ಹಾಗೆ ಗೆರೆ ಬೀಳುತ್ತದೆ. ಇನ್ನೊಂದು ನೀಲಿ ಬಾಣ ಬಲಕ್ಕೆ, ಕೆಳಕ್ಕೆ, ಪರದೆಯ ಅಂಚು ದಾಟಿ ಎಲ್ಲಿಂದಲೋ ಬಂದಿತ್ತು. ಅದರ ಬೆನ್ನು ಹಿಡಿದು ಸರಿಸುತ್ತ ಸರಿಸುತ್ತ ಹೋದೆ. ಎಲ್ಲ ಬಿಳಿ. ಕಾಕಾ ಅಷ್ಟು ದೂರ ಬಂದು ಇಟ್ಟದ್ದಾದರೂ ಏನು? ಬಾಣ ಹೊರಟದ್ದು ಒಂದು ಖಾಲಿ ಮನೆಯಿಂದ.

ಖಾಲಿಯಲ್ಲ. ಆ ಮನೆಯ ಮೇಲೆ ಕರ್ಸರ್ ಇಟ್ಟಾಗ ಮೇಲಿನ ಪಟ್ಟಿಯಲ್ಲಿ 1 ಎಂದು ಕಂಡಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದರು. ಇದಕ್ಕೆ ಉಣಿಸುವವರು ಯಾರು ಎಂದು ಅಲ್ಲೂ ಕೇಳಿದೆ. ಇಲ್ಲಿ ಸೂತ್ರವೇ ಇಲ್ಲ ಎಂದು ಕಂಪ್ಯೂಟರು ಬೈದಿತು. ಅಂದರೆ ಅದರ ಹಿಂದೆ ಯಾರೂ ಇಲ್ಲ, ಕಾಕಾನ ಬೆರಳು ಮಾತ್ರ. ಇನ್ನು ಉಲ್ಟಾ, ಈ ಅಂಕಿ ಯಾರಿಗೆ ಉಣಿಸುತ್ತದೆ ಎಂದು ಕೇಳೋಣ ಎಂದು ಟ್ರೇಸ್ ಡಿಪೆಂಡೆಂಟ್ಸ್ ಒತ್ತಿದೆ. ಬ್ಯಾಂಕಿನ ಫಾರಮ್ಮಿನಲ್ಲಿ ಡಿಪೆಂಡೆಂಟ್ ಎಂದರೆ ನಾನು, ಗಂಡನ ಅನ್ನ ತಿನ್ನುವವಳು. ಇಲ್ಲಿ ಈ ಒಂದರ ಅನ್ನ ತಿನ್ನುವವರು ಇಬ್ಬರು: ಒಂದು ಬಾಣ ANDARಗೆ, ಇನ್ನೊಂದು ಚುಕ್ಕೆಗೆರೆ. ಚುಕ್ಕೆಗೆರೆಯ ಮೇಲೆ ಎರಡು ಸಲ ಒತ್ತಿದೆ. ತೆರೆದ ಪಟ್ಟಿಯಲ್ಲಿ ಕ್ಯಾಂಟೀನಿನ ಹಾಳೆಯ ವಿಳಾಸವಿತ್ತು. ಕಾಗೆಯ ತಟ್ಟೆ.

ಆಗ ಪಗಾರದ ಹಾಳೆಯಲ್ಲಿ ಕಾಕಾನ ಹೆಸರು ಹುಡುಕಿದೆ. ಇರಲಿಲ್ಲ. ಅಳಿಸಿದ್ದಲ್ಲ, ಮೊದಲಿಂದಲೂ ಇರಲಿಲ್ಲ, ಹಳೆಯ ಫೈಲುಗಳಲ್ಲೂ. ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಹೋದ ಮೇಲೆ ಹೋಗುವ ಮನುಷ್ಯ ಎಲ್ಲರ ಹೊತ್ತು ಬರೆದು ತನ್ನದನ್ನು ಬರೆದುಕೊಂಡಿರಲಿಲ್ಲ. ತಾನಂತೂ ಒಳಗೇ ಇರುವವನಲ್ಲವೇ ಎಂದು ಮೂಲೆಯಲ್ಲಿ ಯಾರಿಗೂ ಕಾಣದಂತೆ ಒಂದು ಅಂಕಿಯಾಗಿ ಕೂತುಬಿಟ್ಟಿದ್ದರು. ದೆವ್ವ ಬಿಟ್ಟುಹೋಯಿತು. ಅದರ ಜಾಗದಲ್ಲಿ ಬಂದ ಸಂಕಟ ಅದಕ್ಕಿಂತ ಕಷ್ಟದ್ದಾಗಿತ್ತು.

ಅಳಿಸಲು ಆ ದಿನ ಕೈ ಬರಲಿಲ್ಲ. ಮರುದಿನ ಬೆಳಿಗ್ಗೆ, ಮ್ಯಾನೇಜರ್ ಸಾಹೇಬರನ್ನು ಕೇಳೋಣವೆಂದರೆ ಅವರು ಸೂರತ್ತಿಗೆ ಹೋಗಿದ್ದರು. M60ಕ್ಕೆ ಹೋಗಿ ಡಿಲೀಟ್ ಒತ್ತಿದೆ. ಮೊದಲ ಹಾಳೆಯಲ್ಲಿ ಅಂಕಿ ಒಂದು ಇಳಿಯಿತು. ‘ಹೋಗಿ ಬರ್ರಿ ಕಾಕಾ’ ಎಂದೆ, ಕನ್ನಡದಲ್ಲೇ. ಯಾರಿಗೂ ಹೇಳಲಿಲ್ಲ; ಮುಂದಿನ ಅಣಕು ಸೈರನ್ನಿನಲ್ಲಿ ಸೆಕ್ಯೂರಿಟಿ ಸಾಹೇಬರ ಮೀಸೆ ನೋಡುವ ಆಸೆ ಇತ್ತು.

ಸೈರನ್ ಅದೇ ಮಧ್ಯಾಹ್ನ ಕೂಗಿತು, ಅಣಕಿಗಲ್ಲ. ನೈಟ್ರಿಕ್ ಆ್ಯಸಿಡ್ಡಿನ ಕೊಳವೆ ಬಿರಿದು ಕಂದು ಹೊಗೆ ಶೆಡ್ಡಿನಿಂದ ಹೊರಳಿಕೊಂಡು ಬರುತ್ತಿತ್ತು. ಪ್ರಿಂಟು ಹರಿದುಕೊಂಡು ಓಡಿದೆ. ಮರದಡಿ ಎಲ್ಲರೂ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ಸೈರನ್ ನಿಲ್ಲಿಸಿ ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಒಂದು ಕಡಿಮೆ.

‘ಕಾಕಾ ಅಂದರ್ ಛೇ!’ ಎಂದರು ಸಾಹೇಬರು. ಅಷ್ಟು ಭಯದ ನಡುವೆಯೂ, ಅಥವಾ ಭಯಕ್ಕೇ ಇರಬೇಕು, ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರು ಹೊಗೆ ಹರಡದಂತೆ ಶೆಡ್ಡಿನ ಶಟರ್ ಇಳಿಸಿ ಎಂದು ಸನ್ನೆ ಮಾಡಲು ಕೈ ಎತ್ತಿದರು.

ಈ ಜಗತ್ತಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ‘ಕಾಕಾ ನಥಿ!’ ಎಂದು ಕಿರುಚಿದೆ. ಕಾಕಾ ಇಲ್ಲ. ಎಲ್ಲರೂ ನನ್ನನ್ನು ಹುಚ್ಚಿಯಂತೆ ನೋಡಿದರು. ‘ಬೆಳಿಗ್ಗೆ ನಾನೇ ತೆಗೆದೆ ಸಾಹೇಬ್! ಲೆಕ್ಕದಲ್ಲಿ ಕಾಕಾ ಇಲ್ಲ. ಒಳಗೆ ಬೇರೆ ಯಾರೋ ಇದ್ದಾರೆ!’

ನಗು ಅಲ್ಲಲ್ಲೇ ಸತ್ತಿತು. ಸಾಹೇಬರ ಮುಖದ ಬಣ್ಣ ಇಳಿಯಿತು. ಗುತ್ತಿಗೆದಾರ ಒಂದೊಂದೇ ಹೆಸರು ಕೂಗತೊಡಗಿದ. ಪೀಪಾಯಿ ತೊಳೆಯುವ ಬೇನ್‌ಳ ಹೆಸರಿಗೆ ಯಾರೂ ಓ ಎನ್ನಲಿಲ್ಲ. ಇಬ್ಬರು ಮುಖವಾಡ ಹಾಕಿಕೊಂಡು ನುಗ್ಗಿದರು. ಅವಳನ್ನು ಹೊತ್ತು ತಂದಾಗ ಮುಖದ ಮೇಲೆ ಒದ್ದೆ ಸೆರಗಿತ್ತು, ಉಸಿರಿತ್ತು.

ತಿಂಗಳ ಮೇಲೆ ಅವಳು ಕೆಲಸಕ್ಕೆ ಬಂದಳು. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಳು, ಕೂರು ಎಂದರೆ ಕೂರಲಿಲ್ಲ. ನೀರಿನ ಪೈಪು ಬಂದ್ ಮಾಡಿ ತಿರುಗುವಷ್ಟರಲ್ಲಿ ಬಾಗಿಲ ತುಂಬ ಹೊಗೆ, ದಾಟಲಾಗಲಿಲ್ಲ ಎಂದಳು. ಪೀಪಾಯಿ ತೊಳೆಯುವ ಕೋಣೆಯ ಹಿಂದಿನ ಗೋಡೆಯಲ್ಲಿ ಎತ್ತರಕ್ಕೊಂದು ಬೆಳಕಿಂಡಿ ಇದೆ, ಬೇವಿನ ಮರದ ಕಡೆಗೆ. ಅದರ ಕೆಳಗೆ ಕೂತಿದ್ದಳಂತೆ. ಕೂಗಲು ಗಂಟಲು ಏಳಲಿಲ್ಲವಂತೆ.

‘ನೀವು ಎಣಿಸುವುದು ನನಗೆ ಕೇಳಿಸುತ್ತಿತ್ತು ಬೇನ್’ ಎಂದಳು. ‘ಅಂದರ್ ಛೇ ಅಂದದ್ದೂ ಕೇಳಿಸಿತು. ಸದ್ಯ, ನಾನು ಒಳಗಿರುವುದು ಗೊತ್ತಾಯಿತು, ಈಗ ಬರುತ್ತಾರೆ ಅಂದುಕೊಂಡೆ.’

ಮೊಳೆಗೆ ತೂಗುಹಾಕಿದ ಸ್ವೆಟರಿನತ್ತ ನೋಡಿದಳು.

‘ಆಮೇಲೆ ಎಲ್ಲರೂ ನಕ್ಕಿರಿ.’