ಹಳೇ ವಾರ್ಡ್ ಆಫೀಸಿನ ಎದುರಿನ ಟೈಲರ್

ನಮ್ಮ ಸೋದರಮಾವ ಟೈಲರ್. ಅವರ ಅಂಗಡಿಯ ಎದುರಿಗಿದ್ದ ವಾರ್ಡ್ ಆಫೀಸು ಎರಡಾಗಿ ಬೇರೆ ಬೇರೆ ಕಡೆ ಹೋಗಿ ಎರಡು ವರ್ಷವಾದರೂ ಫೋನಿನ ಮ್ಯಾಪು ಜನರನ್ನು ಇನ್ನೂ ಅಲ್ಲಿಗೇ ಕರೆತರುತ್ತದೆ. ಬೀಗ ನೋಡಿ ಪೆಚ್ಚಾದವರು ಮಾವನ ಕಡೆ ತಿರುಗುತ್ತಾರೆ. ಮಾವ ಮಷಿನ್ ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: "ಕಂದಾಯದ ರಸೀದಿಲಿ ಯಾವ ವಾರ್ಡ್ ಅಂತಿದೆ?" ಹನ್ನೆರಡಾದರೆ ನೀರಿನ ಟ್ಯಾಂಕಿನ ಹಿಂದೆ, ಲೈಬ್ರರಿಯ ಮಹಡಿ. ಹದಿಮೂರಾದರೆ ಬಸ್ ಸ್ಟ್ಯಾಂಡಿನ ಪಕ್ಕ. ರಸೀದಿ ನೋಡದೆ ಬಂದವರಿಗೆ ಬೈಗುಳ ಗ್ಯಾರಂಟಿ.

"ಮನೇಲೇ ಒಂದು ನಿಮಿಷ ನೋಡ್ಕೊಂಡು ಬರೋಕೆ ಏನು ರೋಗ?"

ಕಳೆದ ವಾರ ಅಜ್ಜನ ಹೆಸರಿನಲ್ಲಿದ್ದ ಮನೆ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಲು ಮಾವ ಹೊರಟರು. ಜೊತೆಗೆ ನಾನು. ದಾರಿ ಕೇಳುವ ಮಾತೇ ಇಲ್ಲ. ನೆಟ್ಟಗೆ ಲೈಬ್ರರಿಯ ಮೆಟ್ಟಿಲು ಹತ್ತಿ ಒಂದು ಗಂಟೆ ಕ್ಯೂನಲ್ಲಿ ನಿಂತೆವು. ಕೌಂಟರಿನ ಹೆಂಗಸು ರಸೀದಿ ನೋಡಿ ವಾಪಸ್ ಕೊಟ್ಟರು.

"ಇದು ಹದಿಮೂರು. ಇಲ್ಲಿ ಆಗಲ್ಲ."

ಮಾವ ರಸೀದಿಯನ್ನು ಕಣ್ಣಿನ ಹತ್ತಿರ ಹಿಡಿದರು. ಅಂಗಡಿ ಹನ್ನೆರಡು, ಮನೆ ಹದಿಮೂರು. ಕಂದಾಯ ಕಟ್ಟುವುದು ಅತ್ತೆ. ಊರವರ ರಸೀದಿಯೆಲ್ಲ ಓದಿದ ಮಾವ ತಮ್ಮದನ್ನು ಒಂದು ದಿನವೂ ಓದಿರಲಿಲ್ಲ.

ಅವರ ಮುಖ ನೋಡಿ ಆ ಹೆಂಗಸಿಗೆ ಪಾಪ ಅನಿಸಿರಬೇಕು. "ಇನ್ನು ಮೇಲೆ ಬರೋ ಮುಂಚೆ ಹಳೇ ಆಫೀಸಿನ ಎದುರು ಒಬ್ರು ಟೈಲರ್ ಇದ್ದಾರೆ, ಅವರನ್ನ ಕೇಳಿ. ಸ್ವಲ್ಪ ಬೈತಾರೆ, ಆದ್ರೆ ಕರೆಕ್ಟಾಗಿ ಹೇಳ್ತಾರೆ."

ಮಾವ ರಸೀದಿ ಮಡಚಿ ಜೇಬಿಗಿಟ್ಟುಕೊಂಡರು.

"ಅವನನ್ನ ನಂಬ್ಕೊಂಡೇ ಇಲ್ಲಿಗೆ ಬಂದೆ, ತಾಯಿ."