ಬಿಕೋ ಎನ್ನುವುದಕ್ಕೆ ಒಂದು ಉದಾಹರಣೆ

ಕಂಪ್ಯೂಟರಿನಲ್ಲಿ ಕನ್ನಡ ಅನುವಾದದ ಗುಂಪೊಂದಿದೆ. ಯಾರೋ ಒಂದು ಪದದ ಅರ್ಥ ಕೇಳುತ್ತಾರೆ, ಬಲ್ಲವರು ಅದರ ಕೆಳಗೆ ಒಬ್ಬರಾದ ಮೇಲೊಬ್ಬರು ಬರೆಯುತ್ತಾರೆ. ಬಲ್ಲವರಿಗಿಂತ ಮೊದಲು ಅರೆಬರೆ ಬಲ್ಲವರು ಬರೆದಿರುತ್ತಾರೆ. ಮೇಷ್ಟ್ರಾಗಿದ್ದವನು ನಾನು, ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಹಾಸನದ ಈ ಮನೆಯಲ್ಲಿ ನನ್ನ ಮಾತುಕತೆ ಬಹುಪಾಲು ಅಲ್ಲೇ.

ಒಂದು ದಿನ ದೆಹಲಿಯಲ್ಲಿ ಬೆಳೆದ ಹುಡುಗಿಯೊಬ್ಬಳು ಕೇಳಿದಳು. ರಜೆ ಮುಗಿಸಿ ಬಂದ ಅವಳಿಗೆ ಚನ್ನರಾಯಪಟ್ಟಣದ ಅಜ್ಜಿ ಕಾಗದ ಬರೆದಿದ್ದರು: 'ನೀನು ಹೋದ್ಮೇಲೆ ಮನೆ ಬಿಕೋ ಅಂತದೆ ಕಣವ್ವಾ.' ಬಿಕೋ ಎಂದರೇನು? ಇಬ್ಬರು ಆಗಲೇ 'ಖಾಲಿ' ಎಂದು ಬರೆದು ಕೈತೊಳೆದುಕೊಂಡಿದ್ದರು. ಹುಡುಗಿಗೆ ಸಮಾಧಾನವಿಲ್ಲ. "ಆ ಮನೆಯಲ್ಲಿ ಆರು ಜನ ಇದ್ದಾರೆ, ಖಾಲಿ ಹೇಗೆ? ಅಜ್ಜಿಗೆ ಹಾಗೇ ಬರೆಯಲೇ?"

ಬರೆಯಬೇಡ ಎಂದು ತಕ್ಷಣ ಉತ್ತರಿಸಿದೆ. ಆ ಮಾತನ್ನು ನಾನು ಒಮ್ಮೆ ಆಡಿದ್ದೆ.

ನಲವತ್ತರ ದಶಕ, ನನಗೆ ಎಂಟು ವರ್ಷ. ಹೊಳೆನರಸೀಪುರದಲ್ಲಿ ಇಲಿ ಬಿತ್ತು. ಇಲಿ ಬಿತ್ತೆಂದರೆ ಪ್ಲೇಗು; ಮನೆಗೆ ಬೀಗ ಹಾಕಿ ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಂಡಿರುವುದು ಆಗಿನ ರೂಢಿ. ಆ ಗುಡಿಸಲಲ್ಲೇ ನನ್ನ ಮೂರು ವರ್ಷದ ತಂಗಿ ಹೋದಳು. ರೋಗ ಇಳಿದ ಮೇಲೆ ಎಲ್ಲರೂ ಮರಳಿದೆವು. ಬೀದಿಯ ಬಾಗಿಲುಗಳು ತೆರೆದವು, ಒಲೆಗಳು ಹತ್ತಿದವು. ಅವ್ವ ಹೊಸ್ತಿಲಲ್ಲಿ ನಿಂತು, "ಮನೆ ಬಿಕೋ ಅಂತದಲ್ಲಪ್ಪಾ" ಅಂದಳು. ಲೆಕ್ಕದಲ್ಲಿ ಜಾಣನೆಂದು ಹೆಸರಾಗಿದ್ದ ನಾನು, "ಏಳು ಜನ ಇದೀವಲ್ಲವ್ವಾ!" ಅಂದೆ. ಅವ್ವ ನನ್ನ ಮುಖವನ್ನೇ ನೋಡಿ ಒಳಗೆ ಹೋದಳು. ಆ ಮಾತನ್ನು ಸಾಯುವವರೆಗೂ ನನ್ನ ಮುಂದೆ ಮತ್ತೆ ಆಡಲಿಲ್ಲ. ನನಗೆ ಇವತ್ತಿಗೂ ನಾಚಿಕೆ.

ಇಷ್ಟನ್ನೂ ಬರೆದು, ಕೊನೆಗೆ ಪಾಠ ಹೇಳಿದೆ: ಬಿಕೋ ತಲೆ ಎಣಿಸುವುದಿಲ್ಲ. ಮನೆ, ಬೀದಿ, ಊರು ಬಿಕೋ ಅನ್ನುತ್ತವೆ. ಅಲ್ಲಿ ಮೊದಲು ಯಾರದೋ ಸದ್ದಿರಬೇಕು, ಈಗ ಅದು ಇಲ್ಲವಾಗಿರಬೇಕು. ಒಬ್ಬರದು ಸಾಕು.

"ನನ್ನ ಹಾಸ್ಟೆಲ್ ಕೋಣೆ ಬಿಕೋ ಅನ್ನುತ್ತಿದೆ. ಸರಿಯಾ ಸಾರ್?"

"ಅಲ್ಲಿ ನಿನ್ನ ಜೊತೆ ಯಾರಾದರೂ ಇದ್ದರೇ?"

"ಇಲ್ಲ. ಮೊದಲಿಂದಲೂ ಒಬ್ಬಳೇ."

"ಹಾಗಾದರೆ ಅದು ಬರೀ ಖಾಲಿ."

ಹುಡುಗಿ ಚುರುಕು. ಅಜ್ಜಿಗೆ 'ಮುಂದಿನ ರಜಕ್ಕೂ ಬರ್ತೀನಿ' ಎಂದು ಬರೆದು ಹಾಕಿದ್ದಾಗಿ ಮಾರನೆಯ ದಿನ ತಿಳಿಸಿದಳು. ಜೊತೆಗೆ, ಸರಿಯೋ ತಪ್ಪೋ ನೋಡಿ ಎಂದು, ತಾನೇ ಕಟ್ಟಿದ ಒಂದು ವಾಕ್ಯ: 'ಹೆಂಡತಿ ಹೋದ ಮೇಲೆ ಮೇಷ್ಟ್ರ ಮನೆ ಬಿಕೋ ಅನ್ನುತ್ತಿದೆ.'

ಹೆಂಡತಿಯ ವಿಷಯ ಆ ಗುಂಪಿನಲ್ಲಿ ಹಿಂದೆ ಎಂದೋ ನಾನೇ ಬರೆದಿದ್ದೆ. ತಪ್ಪು ಹುಡುಕುತ್ತಾ ಆ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಆಮೇಲೆ, ಕೇಳಿದ ಮಗುವಿಗೆ ಉತ್ತರ ಕೊಡದೆ ಇರಬಾರದೆಂದು ಬರೆದೆ:

"ಸರಿ ಇದೆಯಮ್ಮಾ. ಒಂದೂ ತಪ್ಪಿಲ್ಲ."