ಹೊರಗೆ ಕೂತು ಟಿವಿಗೆ ಬರೆದದ್ದು

ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂರುತ್ತೇನೆ. ಹೊರಗೆ ಎಂದರೆ ಬೀದಿಯಲ್ಲ, ಬೀದಿ ಬಾಗಿಲಿನ ಪಕ್ಕದ ಚಿಕ್ಕ ಕೋಣೆ. ಅಲ್ಲಿ ಒಂದು ಚಾಪೆ, ಒಂದು ಕಂಬಳಿ, ನನ್ನದೇ ತಟ್ಟೆ ಲೋಟ, ನಡುಮನೆಗೆ ತೆರೆಯುವ ಒಂದು ಬಾಗಿಲು ಇವೆ. ಅಪ್ಪ ಹಳೇಬೀಡಿನ ಹತ್ತಿರದ ಸಣ್ಣ ದೇವಸ್ಥಾನವೊಂದರಲ್ಲಿ ಪೂಜೆ ಮಾಡುತ್ತಾರೆ. ಅಪ್ಪನ ತಾಯಿ, ನಮ್ಮಜ್ಜಿ, ಮಡಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವರಲ್ಲ. ಎಂ.ಎ. ಮಾಡಿ ಅರಸೀಕೆರೆಯ ಕಾಲೇಜೊಂದರಲ್ಲಿ ಪಾಠ ಹೇಳುವ ನೀನು ಇದನ್ನೆಲ್ಲ ನಂಬುತ್ತೀಯಾ ಎಂದು ಗೆಳತಿಯೊಬ್ಬಳು ಕೇಳಿದ್ದಳು. ನಂಬುವುದಿಲ್ಲ ಎಂದೆ. ಹಾಗಾದರೆ ಜಗಳ ಆಡಿದ್ದೀಯಾ ಎಂದಳು.

ಉತ್ತರ ಇಷ್ಟೇ ಇತ್ತು: ಆ ಕೋಣೆಯಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಕಾಲೇಜಿದ್ದ ದಿನ ಅದೇ ಸ್ಥಿತಿಯಲ್ಲಿ ಬಸ್ಸು ಹತ್ತಿ ಹೋಗುತ್ತಿದ್ದೆ. ಅಜ್ಜಿಯ ನಿಯಮ ಬಸ್ ಸ್ಟ್ಯಾಂಡಿನವರೆಗೆ ಬರುತ್ತಿರಲಿಲ್ಲ. ಆ ಮೂರು ದಿನ ರಜೆಯಲ್ಲಿ ಬಂದರೆ ಮಾತ್ರ ಆ ಕೋಣೆ ಹಗಲೆಲ್ಲ ನನ್ನದಾಗುತ್ತಿತ್ತು. ನೀರು ತುಂಬುವುದಿಲ್ಲ, ಹೂ ಕಟ್ಟುವುದಿಲ್ಲ, ಎಲೆ ಹಾಕಿ ಬಡಿಸುವುದಿಲ್ಲ. ಹೊಟ್ಟೆನೋವು ಜೋರಾಗಿಯೇ ಇರುತ್ತಿತ್ತು, ಆದರೆ ಅದನ್ನು ಹಿಡಿದುಕೊಂಡು ಮಲಗಲು ಸಮಯ ಇರುತ್ತಿತ್ತು. ಎರಡು ಬಸ್ಸು ಬದಲಿಸಿ ಹೋಗಿಬರುವ ವಾರದ ನಂತರ ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ಆಮೇಲೆ ಮನೆಗೆ ಹೊಸ ಸೆಟ್‌ಟಾಪ್ ಬಾಕ್ಸ್ ಬಂತು.

ಡಿಶ್ ತೆಗೆಸಿ ಇಂಟರ್ನೆಟ್ ಹಾಕಿಸಿಕೊಂಡಾಗ ಅದನ್ನೂ ಕೊಟ್ಟರು. ಅದರಲ್ಲಿ ಬೇಕಾದ್ದನ್ನು ಹುಡುಕಿ ನೋಡಬಹುದು ಎಂದು ಗೊತ್ತಾದ ಮೇಲೆ ಅಜ್ಜಿಗೆ ಚಾನೆಲ್ಲುಗಳು ಸಪ್ಪೆಯಾದವು. ಅರಸೀಕೆರೆ ಪಕ್ಕದ ಮಾಲೇಕಲ್ಲು ತಿರುಪತಿಯ ಬೆಟ್ಟ ನೋಡಬೇಕು, ಗಜೇಂದ್ರ ಮೋಕ್ಷದ ಹರಿಕಥೆ ಕೇಳಬೇಕು, ನಿನ್ನೆ ಕರೆಂಟು ಹೋದಾಗ ತಪ್ಪಿದ ಧಾರಾವಾಹಿ ಆಗಬೇಕು. ಆದರೆ ರಿಮೋಟಿನಲ್ಲಿ ಬರೆಯುವುದು ಎಂದರೆ ತೆರೆಯ ಮೇಲಿನ ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಅಕ್ಷರದ ಮೇಲೆ ಹೋಗಿ ನಿಲ್ಲುವುದು. ಒಂದು ಅಕ್ಷರ ದಾಟಿಹೋದರೆ ಹಿಂದಕ್ಕೆ ಬರುವುದು. ಮೈಕಿನ ಗುಂಡಿಯೂ ಇತ್ತು. ಅದನ್ನು ಒತ್ತಿ ಹೇಳಬೇಕು ಎಂದು ತೋರಿಸಿಕೊಟ್ಟೆ. ಅಜ್ಜಿ ಒತ್ತಿ, ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಮಾತು ಶುರುಮಾಡುವಷ್ಟರಲ್ಲಿ ಬಾಕ್ಸು ಕಾದು ಕಾದು ಸುಮ್ಮನಾಗಿರುತ್ತಿತ್ತು. ಒಮ್ಮೆ ಮಾತ್ರ ಅದು ಕೇಳಿಸಿಕೊಂಡಿತು. ಅಡುಗೆಮನೆಯಿಂದ ಅಮ್ಮ, "ಹುಳಿಗೆ ಉಪ್ಪು ಹಾಕಿದ್ನಾ?" ಎಂದದ್ದನ್ನು.

ಹೀಗೆ ಅಕ್ಷರ ಆರಿಸುವ ಕೆಲಸ ನನ್ನದಾಯಿತು. ಸಂಜೆ ಬ್ಯಾಗು ಇಳಿಸುವ ಮೊದಲೇ ಅಜ್ಜಿ ರಿಮೋಟು ಚಾಚುತ್ತಿದ್ದರು. ಬೇಸತ್ತು ಒಂದು ದಿನ ನನ್ನ ಫೋನಿಗೆ ರಿಮೋಟಿನ ಆ್ಯಪ್ ಹಾಕಿಕೊಂಡೆ. ಫೋನೂ ಬಾಕ್ಸೂ ಮನೆಯ ಒಂದೇ ವೈಫೈಯಲ್ಲಿರಬೇಕು. ಟಿವಿಯ ಮೇಲೆ ಒಂದು ಕೋಡ್ ಬರುತ್ತದೆ, ಅದನ್ನು ಫೋನಿನಲ್ಲಿ ಹಾಕಿದರೆ ಮುಗಿಯಿತು. ಮುಂದೆ ಟಿವಿಯಲ್ಲಿ ಹುಡುಕುವ ಜಾಗ ತೆರೆದಾಗ ಫೋನಿನ ಕೀಬೋರ್ಡಿನಲ್ಲಿ ಏನು ಬರೆದರೂ ಅದು ಟಿವಿಯಲ್ಲಿ ಮೂಡುತ್ತದೆ. ನನ್ನ ಫೋನಿನಲ್ಲಿ ಕನ್ನಡ ಇದ್ದುದರಿಂದ ಟಿವಿಯಲ್ಲೂ ಕನ್ನಡವೇ ಮೂಡಿತು. ದೊಡ್ಡ ಅಕ್ಷರದಲ್ಲಿ 'ಗಜೇಂದ್ರ ಮೋಕ್ಷ' ಎಂದು ಬಂದದ್ದನ್ನು ಅಜ್ಜಿ ಓದಿ, ನನ್ನ ಕೈ ನೋಡಿ, ಮತ್ತೆ ಟಿವಿ ನೋಡಿದರು.

"ಇಷ್ಟು ದಿನ ಏನ್ ಮಾಡ್ತಿದ್ಯೇ? ಇದು ಗೊತ್ತಿದ್ದೂ ಆ ಗುಂಡಿ ಕುಟ್ತಾ ಕೂತಿದ್ಯಲ್ಲ!"

ಕೆಲಸ ಹಗುರಾಯಿತು ಎಂದುಕೊಂಡೆ. ಮುಂದಿನ ಬಾರಿ ಹೊರಗೆ ಕೂತಾಗ ಅದು ಹಗುರಾದದ್ದಲ್ಲ, ನನ್ನ ಹಿಂದೆಯೇ ಆ ಕೋಣೆಗೂ ಬಂದದ್ದು ಎಂದು ತಿಳಿಯಿತು.

ಮೊದಲು ಆ ಮೂರು ದಿನ ರಿಮೋಟನ್ನು ನಾನು ಮುಟ್ಟುವ ಹಾಗಿರಲಿಲ್ಲ. ನಾನು ಮುಟ್ಟಿದ ಲೋಟವನ್ನು ತೊಳೆಯಬಹುದು, ಬಟ್ಟೆಯನ್ನು ನೆನೆಸಬಹುದು, ರಿಮೋಟಿಗೆ ನೀರು ಹಾಕುವುದು ಹೇಗೆ? ಇದು ಅಜ್ಜಿಯದೇ ತರ್ಕ. ಆ ತರ್ಕ ನನ್ನನ್ನು ಕಾಪಾಡುತ್ತಿತ್ತು. ಫೋನಾದರೋ ನನ್ನದೇ, ನನ್ನ ಕೈಯಲ್ಲೇ ಇರುವುದು. ಅದರ ವಿಚಾರದಲ್ಲಿ ಅಜ್ಜಿ ಒಂದು ಬೆಳಿಗ್ಗೆ ತೀರ್ಪು ಕೊಟ್ಟರು. ಬಾಗಿಲಿನಿಂದ ದೂರದಲ್ಲೇ ನಿಂತು ಕೇಳಿದರು:

"ಅದಕ್ಕೆ ತಂತಿ ಇದ್ಯೇನೇ?"

"ಇಲ್ಲಜ್ಜಿ, ವೈಫೈ."

"ಅಂದ್ರೆ ಗಾಳೀಲೇ ಹೋಗತ್ತೆ."

"ಹೂಂ."

"ಗಾಳಿಗೆಲ್ಲಿ ಮೈಲಿಗೆ? ಅಲ್ಲೇ ಕೂತು ಬರಿ. ನಾನು ಇಲ್ಲಿ ನೋಡ್ಕೋತೀನಿ."

ಅಡುಗೆಮನೆಯಲ್ಲಿ ಅಮ್ಮ ನಕ್ಕದ್ದು ಕೇಳಿಸಿತು. ನನಗೆ ನಗು ಬರಲಿಲ್ಲ.

ಅಂದಿನಿಂದ ಆ ಕೋಣೆಯ ಮಧ್ಯಾಹ್ನಗಳು ಹೋದವು. ಅಜ್ಜಿ ರಿಮೋಟಿನಲ್ಲಿ ಹುಡುಕುವ ಜಾಗದವರೆಗೆ ಹೋಗುವುದನ್ನು ಕಲಿತರು. ಅಲ್ಲಿ ನಿಂತು ಕರೆಯುತ್ತಿದ್ದರು. ನಾನು ಟಿವಿ ಕಾಣದೆ, ಗೋಡೆಯ ಈಚೆ ಮಲಗಿಕೊಂಡೇ ಬರೆಯುತ್ತಿದ್ದೆ. "ಬಂತಾ?" ಎನ್ನುತ್ತಿದ್ದೆ. "ಬಂತು. ಯಾವುದು ಹಾಕ್ಲಿ?" "ಮೇಲಿನದು." ಮೇಲಿನದು ಬೇಡವಾಗಿ ಮತ್ತೆ ಕರೆಯುತ್ತಿದ್ದರು. ನಿದ್ದೆಯ ಅಂಚಿಗೆ ಬಂದಾಗಲೇ ಆ ಕರೆ ಬರುತ್ತಿತ್ತು. ವೈಫೈ ಆರಿಸಿಬಿಟ್ಟರೆ ಫೋನಿಗೂ ಬಾಕ್ಸಿಗೂ ಸಂಬಂಧ ಕಡಿದುಹೋಗುತ್ತಿತ್ತು, ಕೆಟ್ಟಿದೆ ಎನ್ನಬಹುದಿತ್ತು. ಆದರೆ ಸುಳ್ಳು ಹೇಳಿ ಅದನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಬರೆದುಬಿಡುವುದೇ ಕಡಿಮೆ ಶ್ರಮ ಎನ್ನಿಸುತ್ತಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದರೆ, ನೋವಿನ ಮಾತನ್ನು ನಡುಮನೆಗೆ ಕೇಳುವಂತೆ ಕೂಗಿ ಹೇಳಿ ನನಗೆ ಅಭ್ಯಾಸವಿಲ್ಲ. ಅಪ್ಪ ಅಲ್ಲೇ ಕುರ್ಚಿಯಲ್ಲಿರುತ್ತಿದ್ದರು. ಇಂಥ ಮಾತು ನಮ್ಮಲ್ಲಿ ಹೆಂಗಸರ ನಡುವೆಯೂ ಸನ್ನೆಯಲ್ಲೇ ಮುಗಿಯುತ್ತದೆ.

ಆ ಭಾನುವಾರ ನೋವು ಬೆಳಿಗ್ಗೆಯಿಂದಲೇ ಕಾಲಿನವರೆಗೆ ಇಳಿದಿತ್ತು. ಹಿಂದಿನ ವಾರ ಪರೀಕ್ಷೆಯ ಕೆಲಸ, ಬಸ್ಸಿನಲ್ಲಿ ನಿಂತೇ ಬಂದ ದಿನಗಳು. ಊಟದ ತಟ್ಟೆ ತೊಳೆದಿಟ್ಟು ಮಲಗಿದೆ. ಅಜ್ಜಿ ಕರೆದರು. ಹರಿಕಥೆ ಬರೆದೆ. ಮತ್ತೆ ಕರೆದರು. ಆ ದಾಸರ ಗಂಟಲು ಚೆನ್ನಾಗಿಲ್ಲವಂತೆ. ಇನ್ನೊಂದು ಬರೆದೆ. ಕಣ್ಣು ಮುಚ್ಚಿದೆ. ಮೂರನೆಯ ಸಲ ಕರೆ ಬಂತು.

"ಏನೇ, ಮಲಗಿದ್ಯಾ? ಮಾಲೇಕಲ್ಲು ಬರಿ, ಬೆಟ್ಟ ಕಾಣೋ ಹಾಗೆ ಇರೋದು."

ಫೋನು ತೆಗೆದೆ. ಕೀಬೋರ್ಡು ತೆರೆದೇ ಇತ್ತು. ಮಾಲೇಕಲ್ಲಿನ ಬದಲು ಬರೆದೆ: ಅಜ್ಜಿ ತುಂಬಾ ಹೊಟ್ಟೆ ನೋವು ಸ್ವಲ್ಪ ಮಲಗುತ್ತೇನೆ. ಕೈಯ ಅಭ್ಯಾಸದಿಂದ ಕೊನೆಗೆ ಹುಡುಕುವ ಗುಂಡಿಯನ್ನೂ ಒತ್ತಿಬಿಟ್ಟೆ.

ಆಚೆ ಅಜ್ಜಿ ಓದತೊಡಗಿದರು. ಅವರು ಏನನ್ನು ಓದಿದರೂ ಜೋರಾಗಿಯೇ ಓದುವುದು. "ಅಜ್ಜಿ... ತುಂಬಾ... ಹೊಟ್ಟೆ ನೋವು..." ಅಲ್ಲಿಗೆ ನಿಲ್ಲಿಸಿದರು. ಅಪ್ಪನ ಪೇಪರು ಸದ್ದು ಮಾಡಿತು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಸ್ವಲ್ಪ ಹೊತ್ತಿಗೆ ಟಿವಿಯಿಂದ ಒಬ್ಬ ಹೆಂಗಸಿನ ಚುರುಕಾದ ದನಿ ಬಂತು. ಹೊಟ್ಟೆ ನೋವಿಗೆ ಮನೆಮದ್ದು, ಬನ್ನಿ ನೋಡೋಣ ಎನ್ನುತ್ತಿದ್ದಳು. ನಾನು ಬರೆದದ್ದನ್ನು ಟಿವಿ ನಿಜವಾಗಿಯೂ ಹುಡುಕಿತ್ತು, ಮೊದಲು ಬಂದದ್ದನ್ನು ಅಜ್ಜಿ ಒತ್ತಿದ್ದರು.

"ಜೀರಿಗೆ, ಓಮ... ಇವಳು ಮೆಂತ್ಯಾನೇ ಹಾಕ್ಲಿಲ್ವಲ್ಲ. ಇವಳಿಗೆ ಯಾವತ್ತಾದ್ರೂ ಹೊಟ್ಟೆ ನೋವು ಬಂದಿತ್ತೋ ಇಲ್ವೋ" ಎಂದರು ಅಜ್ಜಿ. ಆಮೇಲೆ ದನಿ ತಗ್ಗಿಸದೆಯೇ, "ನಮ್ಮ ಹುಡುಗೀನೂ ಮೊದಲೇ ಬಾಯಿಬಿಟ್ಟು ಹೇಳೋದಲ್ವೇ? ಟಿವಿಗೆ ಹೇಳಿದ್ಲು ನೋಡು" ಎಂದರು.

ಅಮ್ಮ ಕಷಾಯ ಮಾಡಿ ತಂದು ಹೊಸ್ತಿಲ ಈಚೆ ಇಟ್ಟಳು. ಮೆಂತ್ಯ ಹಾಕಿತ್ತು, ಕಹಿ. ಕುಡಿದು ಮಲಗುವಷ್ಟರಲ್ಲಿ ಆಚೆ ಹೊಸ ಮಾತು ಎದ್ದಿತು.

"ನಿನ್ನ ಫೋನು ತಾರೋ" ಎಂದರು ಅಜ್ಜಿ ಅಪ್ಪನಿಗೆ.

"ನನ್ನದ್ಯಾಕಮ್ಮಾ?"

"ಪೂಜೆ ಮುಗಿಸ್ಕೊಂಡು ಬಂದು ಪೇಪರ್ ಹಿಡ್ಕೊಂಡು ತೂಕಡಿಸ್ತೀಯ. ನಿನಗೂ ಬೆರಳಿದೆ."

"ನನಗದು ಬರಲ್ಲಮ್ಮಾ. ಇವಳ ಹತ್ರ ಹೇಳು" ಎಂದು ಅಪ್ಪ ಅಮ್ಮನ ಕಡೆ ತೋರಿಸಿರಬೇಕು.

"ನನ್ನ ಕೈ ಹಿಟ್ಟಲ್ಲಿದೆ" ಎಂದಳು ಅಮ್ಮ. ಆಗ ಅಡುಗೆಮನೆಯಲ್ಲಿ ಕಲಸುವ ಹಿಟ್ಟು ಯಾವುದೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು.

ಅಪ್ಪನ ಫೋನನ್ನು ನಾನು ಮುಟ್ಟುವಂತಿರಲಿಲ್ಲ. ಎದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿಕೊಟ್ಟೆ. ಆ್ಯಪ್ ಇಳಿಸಿದರು. ಫೋನು ಮೊಬೈಲ್ ಡೇಟಾದಲ್ಲಿತ್ತು, ಬಾಕ್ಸು ಕಾಣಿಸಲಿಲ್ಲ. ವೈಫೈ ಹಾಕಿಸಿದೆ, ಕಾಣಿಸಿತು. ಟಿವಿಯ ಮೇಲೆ ಕೋಡ್ ಬಂತು. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಅದನ್ನು ಬಾಯಲ್ಲಿ ಹೇಳುತ್ತಾ ಹೊಡೆದರು. ಆಗಲಿಲ್ಲ.

"ಅಪ್ಪಾ, ಅದು ಎಂಟಲ್ಲ, ಬಿ."

"ಎರಡೂ ಒಂದೇ ಥರ ಇದ್ಯಲ್ಲೇ."

ಮತ್ತೆ ಶುರುಮಾಡಿದಾಗ ಕೋಡ್ ಬೇರೆಯದೇ ಬಂತು. ಈ ಸಲ ನಾನು ಬಾಗಿಲಿನಿಂದಲೇ ಒಂದೊಂದಾಗಿ ಓದಿ ಹೇಳಿದೆ. ಕೂಡಿಕೊಂಡಿತು. ಅಪ್ಪ ಫೋನನ್ನು ಅಂಗೈಯಲ್ಲಿ ಮಲಗಿಸಿಕೊಂಡು ತೋರುಬೆರಳಿನಿಂದ 'ಮಾ' ಒತ್ತಿದರು. ಟಿವಿಯಲ್ಲಿ 'ಮಾ' ಬಂತು. ಅವರಿಗೆ ಒಂದು ಕ್ಷಣ ಖುಷಿಯಾಯಿತು, ಆಮೇಲೆ ಉಳಿದ ಅಕ್ಷರಗಳು ನೆನಪಾದವು.

"ನೀನು ಹೋಗಿ ಮಲಕ್ಕೋ" ಎಂದರು ಅಜ್ಜಿ, ನನ್ನ ಕಡೆ ನೋಡದೆ.

ಮಲಗಿದೆ. ಆಚೆಯಿಂದ ಮಾತು ಬರುತ್ತಲೇ ಇತ್ತು. "ಬೇಗ ಒತ್ತೋ." "ಒತ್ತಾ ಇದೀನಮ್ಮಾ." "ಆ ರಿಮೋಟೇ ವಾಸಿ ಇತ್ತು, ನೀನು ಅದಕ್ಕಿಂತ ನಿಧಾನ." ನನಗೆ ನಿದ್ದೆ ಬಂದಾಗ ಬೆಟ್ಟ ಇನ್ನೂ ಬಂದಿರಲಿಲ್ಲ.

ನಾಲ್ಕನೆಯ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬಂದೆ. ಸಂಜೆ ಕಾಲೇಜಿನಿಂದ ಬಂದಾಗ ಅಜ್ಜಿ ಎಂದಿನಂತೆ ಕರೆದರು. ಆ ಮೂರು ದಿನ ಬರೆಯುವುದು ಅಪ್ಪ, ಉಳಿದ ದಿನ ನಾನು ಎಂಬ ಒಪ್ಪಂದ ಯಾರೂ ಹೇಳದೆಯೇ ಆಗಿಹೋಗಿತ್ತು. ಹುಡುಕುವ ಜಾಗ ತೆರೆದೆ. ಕೆಳಗೆ ಹಿಂದೆ ಹುಡುಕಿದವೆಲ್ಲ ಸಾಲಾಗಿ ನಿಂತಿದ್ದವು. ಮಾಲೇಕಲ್ಲು, ಅಪ್ಪ ಅರ್ಧಕ್ಕೆ ಬಿಟ್ಟ ಇನ್ನೊಂದು ಮಾಲೇ, ಅದರ ಕೆಳಗೆ ನನ್ನ ಸಾಲು. ಅದನ್ನು ಅಳಿಸುವುದು ಹೇಗೆಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ನೆಂಟರು ಬಂದಾಗ ಯಾರಾದರೂ ಓದಿಯಾರು ಎಂದು ಬೆರಳು ಅಲ್ಲಿಯವರೆಗೆ ಹೋಯಿತು.

"ಏನು ಹುಡುಕ್ತಿದ್ಯೇ?" ಎಂದರು ಅಜ್ಜಿ.

"ಏನಿಲ್ಲಜ್ಜಿ" ಎಂದೆ. ಓದಿದರೆ ಓದಲಿ ಎಂದು ಆ ಸಾಲನ್ನು ಅಲ್ಲಿಯೇ ಬಿಟ್ಟು, ಗಜೇಂದ್ರ ಮೋಕ್ಷ ಬರೆದೆ.